ದೊಡ್ಡ ಫೋನನ್ನು ಒಂದೇ ಕೈಗೆ ಒಗ್ಗಿಸುವುದು: ನ್ಯಾವಿಗೇಷನ್, ಒನ್-ಹ್ಯಾಂಡೆಡ್ ಮೋಡ್ ಮತ್ತು ಟೈಲ್‌ಗಳನ್ನು ಯಾವ ಅನುಕ್ರಮದಲ್ಲಿ ಹೊಂದಿಸಬೇಕು

ದೊಡ್ಡ ಆಂಡ್ರಾಯ್ಡ್ ಫೋನಿನಲ್ಲಿ, ಪರದೆಯ ಮೇಲ್ಭಾಗವನ್ನು ಹೆಬ್ಬೆರಳಿಗೆ ಸಿಗುವಂತೆ ಕೆಳಗೆ ತರುವ ಒನ್-ಹ್ಯಾಂಡೆಡ್ ಮೋಡ್ ಆನ್ ಮಾಡಿದ್ದರೂ ಕೆಳಗಿನ ಅಂಚಿನಿಂದ ಎಷ್ಟು ಎಳೆದರೂ ಪರದೆ ಕೆಳಗಿಳಿಯುವುದಿಲ್ಲ ಎಂಬ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಇನ್ನು ಕೆಲವರಿಗೆ ಆ ಆಯ್ಕೆಯೇ ಮಸುಕಾಗಿ ಕಾಣುತ್ತದೆ, ಮುಟ್ಟಿದರೂ ಆನ್ ಆಗುವುದಿಲ್ಲ. ಇಂಥ ಬಹುತೇಕ ಸಂದರ್ಭಗಳಲ್ಲಿ ಫೋನಿನಲ್ಲಿ ದೋಷವಿರುವುದಿಲ್ಲ, ಹೊಂದಿಸಿದ ಅನುಕ್ರಮ ತಪ್ಪಿರುತ್ತದೆ. ಒನ್-ಹ್ಯಾಂಡೆಡ್ ಮೋಡ್ ನ್ಯಾವಿಗೇಷನ್ ಶೈಲಿಯನ್ನು, ಅಂದರೆ ಹಿಂದಕ್ಕೆ ಮತ್ತು ಹೋಮ್‌ಗೆ ಹೋಗುವ ರೀತಿಯನ್ನು ಅವಲಂಬಿಸಿದೆ. ಮೇಲಿನಿಂದ ಎಳೆದಾಗ ಕಾಣುವ ಟಾರ್ಚ್, ಹಾಟ್‌ಸ್ಪಾಟ್ ಮುಂತಾದ ಬಟನ್‌ಗಳಾದ ಟೈಲ್‌ಗಳಿಗೆ ಯಾವ ಜಾಗ ಅನುಕೂಲ ಎಂಬುದು ಒನ್-ಹ್ಯಾಂಡೆಡ್ ಮೋಡ್ ಅನ್ನು ಹೇಗೆ ಹೊಂದಿಸಿದ್ದೀರಿ ಎಂಬುದರ ಮೇಲೆ ನಿಂತಿದೆ. ಟೈಲ್‌ಗಳಿಂದ ಶುರುಮಾಡಿದವರು ಕೊನೆಗೆ ಎಲ್ಲವನ್ನೂ ಎರಡನೇ ಸಲ ಮಾಡಬೇಕಾಗುತ್ತದೆ.

ಈ ಬರಹದಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಳ್ಳುತ್ತೇನೆ. ಕೊಪ್ಪಳ ಜಿಲ್ಲೆಯ ಕಾರಟಗಿಯಲ್ಲಿ ನನ್ನ ದೊಡ್ಡಪ್ಪನ ಮಗ ಅಕ್ಕಿ ಗಿರಣಿಯೊಂದರ ಕಾಟಾದಲ್ಲಿ ಭತ್ತದ ಲಾರಿಗಳ ತೂಕ ಬರೆಯುವ ಕೆಲಸ ಮಾಡುತ್ತಾರೆ. ಅವರ ಬಲಗೈಯಲ್ಲಿ ಪೆನ್ನು, ಮುಂದೆ ಚೀಟಿಯ ಪುಸ್ತಕ. ಹೀಗಾಗಿ 6.7 ಅಂಗುಲದ ಫೋನು ಇಡೀ ದಿನ ಎಡಗೈಯಲ್ಲೇ ಇರುತ್ತದೆ. ಅವರು ಬರೆಯುವುದು ಬಲಗೈಯಲ್ಲೇ ಆದರೂ ಫೋನಿನ ಮಟ್ಟಿಗೆ ಅವರನ್ನು ಎಡಗೈಯವರೆಂದೇ ಲೆಕ್ಕ ಹಾಕಬೇಕು. ಈ ವ್ಯತ್ಯಾಸವನ್ನು ಗಮನಿಸದೆ ನಾನೇ ಮೊದಲ ಸಲ ಅವರ ಫೋನನ್ನು ಬಲಗೈಗೆ ಹೊಂದಿಸಿಕೊಟ್ಟು ಬಂದಿದ್ದೆ. ಮರುದಿನವೇ ಕರೆ ಬಂತು: "ತಮ್ಮಾ, ನೀ ಮಾಡಿಕೊಟ್ಟಿದ್ದು ನಿನ್ನ ಕೈಗೆ ಛಲೋ ಐತಿ, ನನ್ನ ಕೈಗೆ ಅಲ್ಲ."

ಶುರುಮಾಡುವ ಮುನ್ನ ಬೇಕಾದವು

ಅರ್ಧ ಗಂಟೆ ಬಿಡುವು, ಫೋನನ್ನು ಇಡಲು ಒಂದು ಮೇಜು, ಒಣಗಿದ ಹತ್ತಿಬಟ್ಟೆ ಇಷ್ಟಿದ್ದರೆ ಸಾಕು. ಹೊಸ ಆ್ಯಪ್ ಯಾವುದೂ ಬೇಡ. ಫೋನಿನ ಕವರನ್ನು ಮಾತ್ರ ತೆಗೆಯಬೇಡಿ, ಏಕೆಂದರೆ ನೀವು ದಿನವೂ ಬಳಸುವುದು ಕವರ್ ಹಾಕಿದ ಫೋನನ್ನೇ.

ಮೊದಲು Settings ತೆರೆದು About phone ಒಳಗೆ Android version ಎಷ್ಟಿದೆ ಎಂದು ನೋಡಿಕೊಳ್ಳಿ. ಅಂಚಿನಿಂದ ಎಳೆಯುವ ಗೆಸ್ಚರ್ ನ್ಯಾವಿಗೇಷನ್ ಈಗಿನ ರೂಪದಲ್ಲಿ ಬಂದದ್ದು 2019ರ ಆಂಡ್ರಾಯ್ಡ್ 10ರಲ್ಲಿ. ಪರದೆಯನ್ನು ಕೆಳಗೆ ಎಳೆಯುವ ಒನ್-ಹ್ಯಾಂಡೆಡ್ ಮೋಡ್ ಆಂಡ್ರಾಯ್ಡ್‌ನ ಮೂಲ ವ್ಯವಸ್ಥೆಗೆ ಸೇರಿದ್ದು 2021ರ ಆಂಡ್ರಾಯ್ಡ್ 12ರಲ್ಲಿ. ಆವೃತ್ತಿ ಇದಕ್ಕಿಂತ ಹಳೆಯದಾಗಿದ್ದರೆ, ಫೋನಿನ ಕಂಪನಿ ತನ್ನದೇ ಏರ್ಪಾಡು ಕೊಟ್ಟಿದ್ದಾಗ ಮಾತ್ರ ಆ ಆಯ್ಕೆ ಸಿಗುತ್ತದೆ.

ಮೆನುವಿನ ಹೆಸರುಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ನಾನು ಮೂಲ ಆಂಡ್ರಾಯ್ಡ್‌ಗೆ ಹತ್ತಿರವಿರುವ ಫೋನಿನ ದಾರಿಯನ್ನು ಮೊದಲು ಹೇಳಿ, ಸ್ಯಾಮ್‌ಸಂಗ್ ಫೋನಿನಲ್ಲಿ ವ್ಯತ್ಯಾಸವಿರುವ ಕಡೆ ಅದನ್ನೂ ಹೇಳುತ್ತೇನೆ. ಉಳಿದ ಫೋನುಗಳಲ್ಲಿ Settings ಪುಟದ ಮೇಲಿರುವ ಹುಡುಕುವ ಪಟ್ಟಿಯಲ್ಲಿ navigation ಅಥವಾ one-handed ಎಂದು ಟೈಪಿಸುವುದೇ ಹತ್ತಿರದ ದಾರಿ. ಮೆನುವಿನಿಂದ ಮೆನುವಿಗೆ ಅಲೆಯುತ್ತ ಹತ್ತು ನಿಮಿಷ ಕಳೆಯುವ ಅಗತ್ಯವಿಲ್ಲ.

ಕೊನೆಯದಾಗಿ, ಈಗಿರುವ ಟೈಲ್‌ಗಳ ಪುಟವನ್ನು ಪೂರ್ತಿ ಕೆಳಗೆಳೆದು ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ. ಎರಡನೇ ಪುಟವಿದ್ದರೆ ಅದನ್ನೂ ತೆಗೆಯಿರಿ. ಯಾವುದು ಎಲ್ಲಿತ್ತು ಎಂಬುದು ಆಮೇಲೆ ನೆನಪಿಗೆ ಬರುವುದಿಲ್ಲ.

ಹಂತ 1: ಹೆಬ್ಬೆರಳು ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆಯಿರಿ

6.7 ಅಂಗುಲದ, 20:9 ಅನುಪಾತದ ಪರದೆಯ ಎತ್ತರ ಸುಮಾರು 15.5 ಸೆಂಟಿಮೀಟರ್, ಅಗಲ ಸುಮಾರು 7 ಸೆಂಟಿಮೀಟರ್. ಫೋನನ್ನು ಕೆಲಸದ ವೇಳೆ ಹೇಗೆ ಹಿಡಿಯುತ್ತೀರೋ ಹಾಗೆಯೇ ಹಿಡಿದು, ಹಿಡಿತವನ್ನು ಸಡಿಲಿಸದೆ, ಹೆಬ್ಬೆರಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಕಮಾನಿನಂತೆ ಆಡಿಸಿ. ಕಿರುಬೆರಳನ್ನು ಫೋನಿನ ಕೆಳಗೆ ಆಧಾರವಾಗಿ ಇಡುವ ಅಭ್ಯಾಸವಿದ್ದರೆ ಈಗಲೂ ಹಾಗೆಯೇ ಇಡಿ.

ಇಲ್ಲಿ ಹೆಚ್ಚಿನವರು ಒಂದು ತಪ್ಪು ತಿಳಿದಿರುತ್ತಾರೆ. ಹೆಬ್ಬೆರಳಿನ ಬುಡಕ್ಕೆ ಹತ್ತಿರವಿರುವ ಮೂಲೆಯೇ ಸುಲಭದ ಜಾಗವೆಂದು ಅವರು ಭಾವಿಸುತ್ತಾರೆ. ಎಡಗೈಯಲ್ಲಿ ಹಿಡಿದಾಗ ಪರದೆಯ ಕೆಳಗಿನ ಎಡಮೂಲೆಯನ್ನು ಮುಟ್ಟಲು ಹೆಬ್ಬೆರಳನ್ನು ಪೂರ್ತಿ ಒಳಕ್ಕೆ ಮಡಚಬೇಕು, ಆಗ ಹಿಡಿತ ಸಡಿಲವಾಗುತ್ತದೆ. ನಿಜಕ್ಕೂ ಸುಲಭವಾದದ್ದು ಪರದೆಯ ಕೆಳಗಿನ ಅರ್ಧದಲ್ಲಿ, ನಡುಭಾಗದ ಸುತ್ತಮುತ್ತ ಬೆರಳು ತಾನಾಗಿ ತಿರುಗುವ ಕಮಾನು. ಅತ್ಯಂತ ದೂರದ ಜಾಗ ಎದುರಿನ ಮೇಲ್ಮೂಲೆ, ಅಂದರೆ ಎಡಗೈಯವರಿಗೆ ಬಲಮೇಲೆ, ಬಲಗೈಯವರಿಗೆ ಎಡಮೇಲೆ.

ಅಣ್ಣನ ಹೆಬ್ಬೆರಳು ಎಡಬದಿಯಲ್ಲಿ ಕೆಳಗಿನಿಂದ ಸುಮಾರು 9 ಸೆಂಟಿಮೀಟರ್ ಎತ್ತರದವರೆಗೆ ಆರಾಮಾಗಿ ಹೋಗುತ್ತಿತ್ತು. ಬಲ ಅಂಚನ್ನು ಮುಟ್ಟುತ್ತಿದ್ದದ್ದು ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ. ಮುಂದಿನ ಎಲ್ಲ ನಿರ್ಧಾರಗಳೂ ಈ ಎರಡು ಸಂಗತಿಗಳಿಂದ ಹೊರಟವು. ನಿಮ್ಮ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

ಹಂತ 2: ಅಕ್ಷರದ ಗಾತ್ರವನ್ನು ಈಗಲೇ ನಿಶ್ಚಯಿಸಿ

ಇದು ಚಿಕ್ಕ ಕೆಲಸ, ಆದರೆ ಆಮೇಲೆ ಮಾಡಿದರೆ ತೊಂದರೆ. Settings ಒಳಗಿನ Display ವಿಭಾಗದಲ್ಲಿ ಅಕ್ಷರದ ಗಾತ್ರ ಮತ್ತು Display size ಎರಡನ್ನೂ ನಿಮಗೆ ಹಿತವಾಗುವಷ್ಟಕ್ಕೆ ನಿಲ್ಲಿಸಿ. ಟೈಲ್‌ಗಳನ್ನೆಲ್ಲ ಜೋಡಿಸಿ ಮುಗಿದ ಮೇಲೆ ಅಕ್ಷರವನ್ನು ದೊಡ್ಡದು ಮಾಡಿದರೆ ಟೈಲ್‌ಗಳ ಹೆಸರು ಅರ್ಧಕ್ಕೆ ತುಂಡಾಗುತ್ತದೆ, ಹೋಮ್ ಪರದೆಯ ಐಕಾನ್‌ಗಳ ನಡುವಿನ ಅಂತರವೂ ಬದಲಾಗುತ್ತದೆ.

ಹಂತ 3: ನ್ಯಾವಿಗೇಷನ್ ಶೈಲಿಯನ್ನು ಆರಿಸಿ

Settings, ನಂತರ System, ಅದರೊಳಗೆ Navigation mode ತೆರೆಯಿರಿ. ಹಳೆಯ ಆವೃತ್ತಿಗಳಲ್ಲಿ ಇದೇ ಪುಟ System ಒಳಗಿನ Gestures ವಿಭಾಗದಲ್ಲಿ System navigation ಎಂಬ ಹೆಸರಿನಲ್ಲಿದೆ. ಸ್ಯಾಮ್‌ಸಂಗ್ ಫೋನಿನಲ್ಲಿ Display ಒಳಗೆ Navigation bar ಎಂದು ಹುಡುಕಬೇಕು.

ಮುಖ್ಯವಾಗಿ ಎರಡು ಆಯ್ಕೆಗಳಿರುತ್ತವೆ. 3-button navigation ಎಂದರೆ ಕೆಳಗೆ ಸದಾ ಕಾಣುವ ಹಿಂದಕ್ಕೆ, ಹೋಮ್ ಮತ್ತು ಇತ್ತೀಚಿನ ಆ್ಯಪ್‌ಗಳ ಬಟನ್‌ಗಳು. Gesture navigation ಎಂದರೆ ಬಟನ್‌ಗಳಿಲ್ಲದೆ, ಕೆಳಗಿನ ಅಂಚಿನಿಂದ ಮೇಲಕ್ಕೆ ಎಳೆದರೆ ಹೋಮ್, ಎಳೆದು ಅರೆಕ್ಷಣ ತಡೆದು ನಿಲ್ಲಿಸಿದರೆ ಇತ್ತೀಚಿನ ಆ್ಯಪ್‌ಗಳು, ಎಡ ಅಥವಾ ಬಲ ಅಂಚಿನಿಂದ ಒಳಕ್ಕೆ ಎಳೆದರೆ ಹಿಂದಕ್ಕೆ.

ಒಂದೇ ಕೈಯಲ್ಲಿ ಬಳಸುವವರಿಗೆ ನನ್ನ ಸಲಹೆ ಗೆಸ್ಚರ್. ಅದಕ್ಕೆ ಎರಡು ಕಾರಣಗಳಿವೆ. ಮೊದಲನೆಯದಾಗಿ, ಹಿಂದಕ್ಕೆ ಹೋಗುವ ಕೆಲಸ ದಿನಕ್ಕೆ ನೂರಾರು ಬಾರಿ ಬರುತ್ತದೆ, ಗೆಸ್ಚರ್‌ನಲ್ಲಿ ಅದನ್ನು ಎರಡೂ ಅಂಚುಗಳಲ್ಲಿ, ಬೆರಳು ಎಲ್ಲಿದೆಯೋ ಆ ಎತ್ತರದಲ್ಲೇ ಮಾಡಬಹುದು. ಎರಡನೆಯದಾಗಿ, ಮೂಲ ಆಂಡ್ರಾಯ್ಡ್‌ನ ಒನ್-ಹ್ಯಾಂಡೆಡ್ ಮೋಡ್‌ನಲ್ಲಿ ಕೆಳಗೆ ಎಳೆಯುವ ಕ್ರಿಯೆ ಮೂರು ಬಟನ್‌ಗಳ ಶೈಲಿಯಲ್ಲಿ ಕೆಲಸ ಮಾಡುವುದಿಲ್ಲ. ಆಯ್ಕೆ ಮಸುಕಾಗಿ ಕಾಣುವುದಕ್ಕೆ ಸಾಮಾನ್ಯ ಕಾರಣ ಇದೇ. ಆದರೆ ಕೈನಡುಕವಿರುವವರಿಗೆ, ಅಥವಾ ಬಟನ್ ಕಣ್ಣಿಗೆ ಕಾಣದಿದ್ದರೆ ಗಾಬರಿಯಾಗುವ ಹಿರಿಯರಿಗೆ ಬಟನ್‌ಗಳೇ ಇರಲಿ, ಒತ್ತಾಯಿಸಬೇಡಿ. ಅವರಿಗಾಗಿ ನಾಲ್ಕನೇ ಹಂತದಲ್ಲಿ ಬೇರೆ ದಾರಿಯಿದೆ.

ಗೆಸ್ಚರ್ ಆರಿಸಿದ ಮೇಲೆ ಅದರ ಪಕ್ಕದ ಗಿಯರ್ ಚಿಹ್ನೆಯನ್ನು ಒತ್ತಿ. ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ, ಆಮೇಲೆ ಗೆಸ್ಚರ್ ಸರಿಯಿಲ್ಲವೆಂದು ದೂರುತ್ತಾರೆ. ಇಲ್ಲಿ ಎಡ ಅಂಚಿಗೆ ಒಂದು, ಬಲ ಅಂಚಿಗೆ ಒಂದು ಎಂದು ಹಿಂದಕ್ಕೆ ಹೋಗುವ ಎಳೆತದ ಸೂಕ್ಷ್ಮತೆಯ ಎರಡು ಪಟ್ಟಿಗಳಿವೆ. ಪಟ್ಟಿಯನ್ನು ಏರಿಸಿದಷ್ಟೂ ಅಂಚಿನಲ್ಲಿ ಎಳೆತವನ್ನು ಗುರುತಿಸುವ ಪಟ್ಟೆ ಅಗಲವಾಗುತ್ತದೆ.

ಎರಡನ್ನೂ ಸಮನಾಗಿ ಇಡುವ ಅಗತ್ಯವಿಲ್ಲ. ಅಣ್ಣನ ಫೋನಿನಲ್ಲಿ ಬಲ ಅಂಚಿನ ಸೂಕ್ಷ್ಮತೆಯನ್ನು ಏರಿಸಿದೆವು, ಏಕೆಂದರೆ ಎಡಗೈ ಹೆಬ್ಬೆರಳು ಬಲ ಅಂಚನ್ನು ಕಷ್ಟಪಟ್ಟು ಮುಟ್ಟುತ್ತದೆ, ಪಟ್ಟೆ ಅಗಲವಾದರೆ ಅಂಚಿನವರೆಗೂ ಚಾಚಬೇಕಿಲ್ಲ. ಎಡ ಅಂಚಿನದನ್ನು ಇಳಿಸಿದೆವು, ಏಕೆಂದರೆ ಆ ಬದಿಯಲ್ಲಿ ಅಂಗೈಯ ಮಾಂಸಲ ಭಾಗವೇ ಪರದೆಗೆ ತಾಗಿ, ಕೇಳದೆಯೇ ಹಿಂದಕ್ಕೆ ಹೋಗುತ್ತಿತ್ತು. ಒಮ್ಮೆ ಅರ್ಧ ತುಂಬಿದ ಫಾರ್ಮ್ ಹಾಗೆಯೇ ಮುಚ್ಚಿಹೋಗಿ, ಲಾರಿಯ ನಂಬರಿನಿಂದ ಹಿಡಿದು ಎಲ್ಲವನ್ನೂ ಮತ್ತೆ ತುಂಬಬೇಕಾಯಿತು.

ಸೂಕ್ಷ್ಮತೆ ಸರಿಯಿದೆಯೇ ಎಂದು ತಿಳಿಯಲು ಎರಡು ಗುರುತುಗಳಿವೆ. ಪುಟವನ್ನು ಮೇಲೆ ಕೆಳಗೆ ಸರಿಸುವಾಗ ಅಂಚಿನಲ್ಲಿ ಬಾಣದ ಗುರುತು ಮೂಡುತ್ತಿದ್ದರೆ ಆ ಬದಿಯ ಸೂಕ್ಷ್ಮತೆ ಹೆಚ್ಚಾಗಿದೆ. ಹಿಂದಕ್ಕೆ ಹೋಗಲು ಎಳೆದಾಗ ಫೋಟೋ ಪಕ್ಕದ ಫೋಟೋಗೆ ಸರಿಯುತ್ತಿದ್ದರೆ, ಇಲ್ಲವೇ ಆ್ಯಪ್‌ನ ಪಕ್ಕದ ಮೆನು ತೆರೆದುಕೊಳ್ಳುತ್ತಿದ್ದರೆ ಕಡಿಮೆಯಾಗಿದೆ. ತಪ್ಪಿ ಎಳೆದಿರೆಂದು ಗೊತ್ತಾದರೆ ಬೆರಳನ್ನು ಎತ್ತಬೇಡಿ. ಬಾಣ ಕಾಣುತ್ತಿರುವಾಗಲೇ ಬೆರಳನ್ನು ಅದೇ ಅಂಚಿಗೆ ಮರಳಿ ಒಯ್ದು ಬಿಟ್ಟರೆ ಎಳೆತ ರದ್ದಾಗುತ್ತದೆ.

ಇನ್ನೊಂದು ವಿಚಾರ. ಫೋಟೋ ಕತ್ತರಿಸುವಂಥ ಕೆಲವು ಪುಟಗಳಲ್ಲಿ ಅಂಚಿನ ಒಂದು ಭಾಗದಲ್ಲಿ ಹಿಂದಕ್ಕೆ ಎಳೆತ ಕೆಲಸ ಮಾಡದಿದ್ದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಅಂಚಿನ ಸ್ವಲ್ಪ ಭಾಗವನ್ನು ತನ್ನ ಬಳಕೆಗೆ ಕಾಯ್ದಿರಿಸಿಕೊಳ್ಳಲು ಆಂಡ್ರಾಯ್ಡ್ ಆ್ಯಪ್‌ಗಳಿಗೆ ಅವಕಾಶ ಕೊಟ್ಟಿದೆ. ಆ ಅವಕಾಶಕ್ಕೆ ಮಿತಿಯೂ ಇರುವುದರಿಂದ, ಅದೇ ಅಂಚಿನಲ್ಲಿ ಇನ್ನಷ್ಟು ಮೇಲೆ ಅಥವಾ ಕೆಳಗೆ ಎಳೆದರೆ ಹಿಂದಕ್ಕೆ ಹೋಗುತ್ತದೆ.

ಬಟನ್‌ಗಳನ್ನೇ ಉಳಿಸಿಕೊಳ್ಳುವವರು ಹಿಂದಕ್ಕೆ ಹೋಗುವ ಬಟನ್ ಯಾವ ಬದಿಯಲ್ಲಿದೆ ಎಂದು ನೋಡಿಕೊಳ್ಳಿ. ಮೂಲ ಆಂಡ್ರಾಯ್ಡ್‌ನಲ್ಲಿ ಅದು ಎಡಕ್ಕಿರುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಬಲಕ್ಕಿರುತ್ತದೆ. ಸ್ಯಾಮ್‌ಸಂಗ್‌ನ Navigation bar ಪುಟದಲ್ಲೇ Button order ಎಂಬ ಆಯ್ಕೆಯಿಂದ ಇದನ್ನು ಬದಲಿಸಬಹುದು.

ಈ ಹಂತ ಮುಗಿದ ಮೇಲೆ ಮುಂದಕ್ಕೆ ಹೋಗಬೇಡಿ. ಎರಡು ದಿನ ಹೀಗೆಯೇ ಬಳಸಿ, ಕೈಗೆ ರೂಢಿಯಾಗಲಿ. ಎಲ್ಲವನ್ನೂ ಒಂದೇ ಸಂಜೆ ಬದಲಿಸಿದರೆ ಯಾವ ಬದಲಾವಣೆ ಯಾವ ತೊಂದರೆ ತಂದಿತೆಂದು ಗೊತ್ತಾಗುವುದಿಲ್ಲ.

ಹಂತ 4: ಒನ್-ಹ್ಯಾಂಡೆಡ್ ಮೋಡ್

Settings, System, Gestures, ಅದರೊಳಗೆ One-handed mode ತೆರೆದು ಆನ್ ಮಾಡಿ. ಅಲ್ಲಿ ಎರಡು ಆಯ್ಕೆಗಳು ಕಾಣುತ್ತವೆ. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಬಹುದು, ಯಾವುದನ್ನು ಎಂದು ಯೋಚಿಸಿಯೇ ಆರಿಸಬೇಕು.

Pull screen into reach ಆರಿಸಿದರೆ, ಕೆಳಗಿನ ಅಂಚಿನಲ್ಲಿ ಕೆಳಮುಖವಾಗಿ ಎಳೆದಾಗ ಇಡೀ ಪರದೆ ಕೆಳಕ್ಕೆ ಜಾರಿ, ಅದರ ಮೇಲ್ಭಾಗ ಹೆಬ್ಬೆರಳಿಗೆ ಸಿಗುತ್ತದೆ. ಪರದೆ ಚಿಕ್ಕದಾಗುವುದಿಲ್ಲ, ಕೆಳಗಿನ ಭಾಗ ಕಣ್ಣಿಗೆ ಕಾಣದಂತೆ ಜಾರಿಹೋಗುತ್ತದೆ ಅಷ್ಟೆ. ಆದ್ದರಿಂದ ಇದು ಮೇಲಿನ ಹುಡುಕುವ ಪಟ್ಟಿಯನ್ನೋ ಮೂರು ಚುಕ್ಕಿಗಳ ಮೆನುವನ್ನೋ ಒಮ್ಮೆ ಮುಟ್ಟಿಬರಲು ಮಾತ್ರ ತಕ್ಕದ್ದು. ಕೆಲಸ ಮುಗಿದ ಮೇಲೆ ಪರದೆಯ ಮೇಲಿನ ಖಾಲಿ ಜಾಗವನ್ನು ತಟ್ಟಿದರೆ ಎಲ್ಲವೂ ಸ್ವಸ್ಥಾನಕ್ಕೆ ಮರಳುತ್ತದೆ.

Show notifications ಆರಿಸಿದರೆ, ಅದೇ ಎಳೆತಕ್ಕೆ ಮೇಲಿನ ನೋಟಿಫಿಕೇಷನ್ ಪರದೆ ತೆರೆದುಕೊಳ್ಳುತ್ತದೆ. ಅದು ತೆರೆದ ಮೇಲೆ ಪರದೆಯ ನಡುವಿನಿಂದಲೇ ಇನ್ನೊಮ್ಮೆ ಕೆಳಕ್ಕೆ ಎಳೆದರೆ ಟೈಲ್‌ಗಳ ಪೂರ್ಣ ಪುಟ ಬರುತ್ತದೆ.

ದಿನಕ್ಕೆ ಹತ್ತಾರು ಬಾರಿ ಟಾರ್ಚ್, ಹಾಟ್‌ಸ್ಪಾಟ್‌ಗಳಿಗಾಗಿ ಮೇಲಕ್ಕೆ ಕೈ ಚಾಚುವವರಿಗೆ ಎರಡನೆಯದೇ ಮೇಲು ಎಂಬುದು ನನ್ನ ಅಭಿಪ್ರಾಯ. ಆ್ಯಪ್‌ಗಳ ಮೇಲ್ಭಾಗದ ಬಟನ್‌ಗಳನ್ನೇ ಹೆಚ್ಚಾಗಿ ಬಳಸುವವರಿಗೆ ಮೊದಲನೆಯದು. ಮೊದಲ ಸಲ ನಾನು ಅಣ್ಣನಿಗೆ ಪರದೆ ಜಾರಿಸುವ ಆಯ್ಕೆ ಹಾಕಿಕೊಟ್ಟಿದ್ದೆ. ರಾತ್ರಿ ಲಾರಿಯ ನಂಬರ್ ಪ್ಲೇಟ್ ಓದಲು ಟಾರ್ಚ್ ಬೇಕಾದಾಗ ಅವರು ಪರದೆಯನ್ನು ಇಳಿಸಿ, ಮತ್ತೆ ಮೇಲಿನಿಂದ ನೋಟಿಫಿಕೇಷನ್ ಎಳೆದು, ಆಮೇಲೆ ಟೈಲ್ ಹುಡುಕುತ್ತಿದ್ದರು. ಅಷ್ಟು ಸುತ್ತುವ ಬದಲು ಚೀಟಿ ಪುಸ್ತಕವನ್ನು ಕೆಳಗಿಟ್ಟು ಎರಡನೇ ಕೈ ಹಚ್ಚುವುದೇ ಅವರಿಗೆ ಬೇಗ ಎನಿಸುತ್ತಿತ್ತು.

ಎಳೆತ ಕೆಲಸ ಮಾಡುತ್ತಿಲ್ಲವೆಂದರೆ ಈ ಮೂರನ್ನು ಇದೇ ಕ್ರಮದಲ್ಲಿ ನೋಡಿ. ಮೊದಲು, ಎಳೆತ ಎಲ್ಲಿಂದ ಶುರುವಾಗುತ್ತಿದೆ ಎಂದು ಗಮನಿಸಿ. ಕೆಳಗೆ ಕಾಣುವ ತೆಳು ಗೆರೆಯ ಹತ್ತಿರವೇ ಬೆರಳಿಟ್ಟು ಕೆಳಕ್ಕೆ ಜಾರಿಸಬೇಕು, ಹೆಬ್ಬೆರಳು ಪರದೆಯನ್ನು ದಾಟಿ ಹೊರಗೆ ಹೋಗಬೇಕು. ಒಂದು ಸೆಂಟಿಮೀಟರ್ ಮೇಲಿನಿಂದ ಶುರುಮಾಡಿದರೂ ಫೋನು ಅದನ್ನು ಪುಟ ಸರಿಸುವ ಎಳೆತವೆಂದೇ ತಿಳಿಯುತ್ತದೆ.

ಎರಡನೆಯದು ಕವರ್. ದಪ್ಪ ರಬ್ಬರ್ ಕವರಿನ ಕೆಳ ಅಂಚು ಪರದೆಗಿಂತ ಎತ್ತರಕ್ಕೆ ನಿಂತಿದ್ದರೆ ಹೆಬ್ಬೆರಳು ಗೆರೆಯ ಬಳಿಗೆ ತಲುಪುವ ಮೊದಲೇ ಕವರಿಗೆ ತಡೆಯುತ್ತದೆ. ಅಣ್ಣನ ಫೋನಿನಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿತ್ತು. ಗಿರಣಿಯ ತೌಡಿನ ಧೂಳು ಕವರಿಗೂ ಸ್ಕ್ರೀನ್ ಗಾರ್ಡ್‌ಗೂ ನಡುವಿನ ಸಂದಿಯಲ್ಲಿ ಗಟ್ಟಿಯಾಗಿ ಕೂತು, ಕೆಳ ಅಂಚಿನುದ್ದಕ್ಕೂ ಕಂದು ಬಣ್ಣದ ಪಟ್ಟಿಯೇ ಆಗಿತ್ತು. ಅದನ್ನು ಒಣಬಟ್ಟೆಯಿಂದ ಒರೆಸಿ, ಅಂಚು ತಗ್ಗಾಗಿರುವ ಕವರ್ ಹಾಕಿದ ಮೇಲೆ ಹತ್ತರಲ್ಲಿ ಒಂಬತ್ತು ಸಲ ಎಳೆತ ಗುರಿ ಮುಟ್ಟಿತು.

ಮೂರನೆಯದು ಬೆವರು. ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದಾಗ ಒದ್ದೆ ಹೆಬ್ಬೆರಳಿನ ಎಳೆತ ನಡುವೆಯೇ ಕಡಿದುಹೋಗುತ್ತದೆ. ಬೆರಳನ್ನು ಒರೆಸಿಕೊಂಡು ಎಳೆದಾಗ ಸರಿಯಾಗಿ ಆದರೆ ಸೆಟ್ಟಿಂಗ್ ಬದಲಿಸಲು ಹೋಗಬೇಡಿ.

ಮೂರು ಬಟನ್‌ಗಳನ್ನು ಉಳಿಸಿಕೊಂಡವರು ಇದೇ One-handed mode ಪುಟದಲ್ಲಿರುವ ಶಾರ್ಟ್‌ಕಟ್ ಅನ್ನು ಆನ್ ಮಾಡಬೇಕು. ಆಗ ಪರದೆಯ ಮೇಲಿನ ಒಂದು ಬಟನ್ ತಟ್ಟಿ, ಅಥವಾ ಎರಡೂ ವಾಲ್ಯೂಮ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದು, ಪರದೆಯನ್ನು ಕೆಳಕ್ಕೆ ತರಬಹುದು. ಒಂದೇ ಕೈಯವರಿಗೆ ಪರದೆಯ ಮೇಲಿನ ಬಟನ್ನೇ ಸುಲಭ.

ಸ್ಯಾಮ್‌ಸಂಗ್‌ನ ಏರ್ಪಾಡು ಸ್ವಭಾವದಲ್ಲೇ ಬೇರೆ. Settings, Advanced features, One-handed mode ಎಂಬಲ್ಲಿ ಆನ್ ಮಾಡಿದಾಗ ಪರದೆ ಜಾರುವುದಿಲ್ಲ, ಪೂರ್ತಿಯಾಗಿ ಕುಗ್ಗಿ ಒಂದು ಬದಿಗೆ ಬಂದು ಕೂರುತ್ತದೆ. ಗೆಸ್ಚರ್ ಆರಿಸಿದರೆ ಕೆಳ ಅಂಚಿನ ನಡುವೆ ಕೆಳಕ್ಕೆ ಎಳೆಯಬೇಕು, ಬಟನ್ ಆರಿಸಿದರೆ ಹೋಮ್ ಬಟನ್ ಎರಡು ಸಲ ತಟ್ಟಬೇಕು. ಕುಗ್ಗಿದ ಪರದೆಯ ಪಕ್ಕದ ಬಾಣದಿಂದ ಅದನ್ನು ಎಡಕ್ಕೂ ಬಲಕ್ಕೂ ಸರಿಸಬಹುದು. ಇಡೀ ಪರದೆ ಕಾಣುವುದರಿಂದ ಇಲ್ಲಿ ಟೈಪಿಂಗ್ ಕೂಡ ಸಾಧ್ಯ, ಆದರೆ ಅಕ್ಷರಗಳು ಸಣ್ಣದಾಗುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಈ ಎಳೆತ ಕೈಗೆ ಹತ್ತದಿದ್ದಾಗ ಹಲವರು ತೇಲುವ ಹಿಂದಕ್ಕೆ-ಬಟನ್ ಕೊಡುವ ಯಾವುದೋ ಆ್ಯಪ್ ಹಾಕಿಕೊಳ್ಳುತ್ತಾರೆ. ಅಂಥ ಆ್ಯಪ್‌ಗಳು ಸಾಮಾನ್ಯವಾಗಿ Accessibility ಅನುಮತಿ ಕೇಳುತ್ತವೆ. ಆ ಅನುಮತಿ ಪಡೆದ ಆ್ಯಪ್ ಪರದೆಯ ಮೇಲಿರುವುದನ್ನು ಓದಬಲ್ಲದು, ನಿಮ್ಮ ಪರವಾಗಿ ಒತ್ತಬಲ್ಲದು. ಹೀಗಾಗಿಯೇ ಕೆಲವು ಬ್ಯಾಂಕ್ ಆ್ಯಪ್‌ಗಳು ಇಂಥದ್ದೊಂದು ಆನ್ ಇರುವುದನ್ನು ಕಂಡರೆ ತೆರೆದುಕೊಳ್ಳಲು ನಿರಾಕರಿಸುತ್ತವೆ. ತೇಲುವ ಬಟನ್ ಬೇಕೇಬೇಕಾದರೆ ಫೋನಿನೊಳಗೇ ಇರುವುದನ್ನು ಬಳಸಿ. ಮೂಲ ಆಂಡ್ರಾಯ್ಡ್‌ನಲ್ಲಿ Accessibility ಒಳಗೆ Accessibility Menu ಇದೆ, ಸ್ಯಾಮ್‌ಸಂಗ್‌ನಲ್ಲಿ Assistant menu ಇದೆ.

ಹಂತ 5: ಟೈಲ್‌ಗಳನ್ನು ಜೋಡಿಸಿ

ಈ ಹಂತವನ್ನು ಮಾತ್ರ ಎರಡೂ ಕೈಗಳಿಂದ, ಫೋನನ್ನು ಮೇಜಿನ ಮೇಲಿಟ್ಟು ಮಾಡಿ. ಒಂದೇ ಹೆಬ್ಬೆರಳಿನಿಂದ ಟೈಲ್ ಎಳೆಯಲು ಹೋದರೆ ಅದು ನಡುದಾರಿಯಲ್ಲೇ ಬಿದ್ದು ಎಲ್ಲಿಯೋ ಸೇರಿಕೊಳ್ಳುತ್ತದೆ.

ಮೇಲಿನಿಂದ ಎರಡು ಸಲ ಎಳೆದು, ಅಥವಾ ಎರಡು ಬೆರಳುಗಳಿಂದ ಒಂದೇ ಸಲ ಎಳೆದು ಪೂರ್ಣ ಪುಟ ತೆರೆಯಿರಿ. ಪೆನ್ಸಿಲ್ ಚಿಹ್ನೆಯನ್ನು ಒತ್ತಿದರೆ ಬದಲಾವಣೆಯ ಪುಟ ಬರುತ್ತದೆ. ಪೆನ್ಸಿಲ್ ಒತ್ತದೆ ನೇರವಾಗಿ ಟೈಲನ್ನೇ ಒತ್ತಿ ಹಿಡಿಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಹಾಗೆ ಹಿಡಿದರೆ ಟೈಲ್ ಸರಿಯುವುದಿಲ್ಲ, ಅದರ ಸೆಟ್ಟಿಂಗ್ ಪುಟ ತೆರೆದುಕೊಳ್ಳುತ್ತದೆ. ಬದಲಾವಣೆಯ ಪುಟದಲ್ಲಿ ಮೇಲಿರುವವು ಬಳಕೆಯಲ್ಲಿರುವ ಟೈಲ್‌ಗಳು, ಕೆಳಗಿರುವವು ಬಳಕೆಗೆ ಸಿಗುವಂಥವು. ಒತ್ತಿ ಹಿಡಿದು ಎಳೆದು ಬೇಕಾದ ಕಡೆ ಬಿಡಬೇಕು.

ಈಗ ಜಾಗದ ಲೆಕ್ಕ. ಆಂಡ್ರಾಯ್ಡ್ 12ರಿಂದ 15ರವರೆಗಿನ ಮೂಲ ವಿನ್ಯಾಸದಲ್ಲಿ ಮೊದಲ ಎಳೆತಕ್ಕೆ ನಾಲ್ಕು ಟೈಲ್‌ಗಳು, ಎರಡನೇ ಎಳೆತಕ್ಕೆ ಎರಡು ಅಂಕಣಗಳಲ್ಲಿ ಎಂಟು ಟೈಲ್‌ಗಳು ಕಾಣುತ್ತವೆ, ಉಳಿದವು ಮುಂದಿನ ಪುಟಕ್ಕೆ ಹೋಗುತ್ತವೆ. ಮೊದಲ ನಾಲ್ಕು ಬೇಗ ಕಾಣುತ್ತವೆ, ನಿಜ, ಆದರೆ ಅವು ಪರದೆಯ ತುತ್ತತುದಿಯಲ್ಲಿರುತ್ತವೆ. ಏಳನೆಯದು ಮತ್ತು ಎಂಟನೆಯದು ಎರಡನೇ ಎಳೆತಕ್ಕೆ ಮಾತ್ರ ಕಾಣುತ್ತವೆ, ಆದರೆ ಅವು ಹೆಬ್ಬೆರಳಿಗೆ ಎಲ್ಲಕ್ಕಿಂತ ಹತ್ತಿರ. ಹೀಗಾಗಿ ಹೆಚ್ಚು ಬಳಸುವುದನ್ನು ಮೊದಲ ಸ್ಥಾನದಲ್ಲಿಡಬೇಕೆಂಬ ರೂಢಿಯ ಮಾತು ದೊಡ್ಡ ಫೋನಿಗೆ ಹೊಂದುವುದಿಲ್ಲ. ಕಣ್ಣಿನಿಂದ ನೋಡಿದರೆ ಸಾಕಾಗುವ ಟೈಲ್‌ಗಳು ಮೇಲಿರಲಿ, ಬೆರಳಿನಿಂದ ಒತ್ತಬೇಕಾದವು ಕೆಳಗಿರಲಿ.

ಅಣ್ಣನಿಗೆ ಹೀಗೆ ಜೋಡಿಸಿದೆವು. ಮೊದಲ ಸಾಲಿನಲ್ಲಿ Internet ಮತ್ತು Bluetooth, ಇವೆರಡೂ ಆನ್ ಇವೆಯೇ ಎಂದು ನೋಡುವುದಕ್ಕಷ್ಟೇ ಬೇಕು. ಎರಡನೇ ಸಾಲಿನಲ್ಲಿ Auto-rotate ಮತ್ತು Battery Saver. ಮೂರನೇ ಸಾಲಿನ ಎಡಕ್ಕೆ Hotspot, ಏಕೆಂದರೆ ಕಾಟಾದ ಕಂಪ್ಯೂಟರಿಗೆ ನೆಟ್ ಹೋದಾಗ ಫೋನಿನಿಂದಲೇ ಕೊಡಬೇಕಾಗುತ್ತದೆ. ಮೂರನೇ ಸಾಲಿನ ಬಲಕ್ಕೆ QR ಕೋಡ್ ಸ್ಕ್ಯಾನರ್. ನಾಲ್ಕನೇ ಸಾಲಿನ ಎಡಕ್ಕೆ, ಅಂದರೆ ಏಳನೇ ಸ್ಥಾನದಲ್ಲಿ, Flashlight. ಅದರ ಬಲಕ್ಕೆ Screen Cast. ಅದನ್ನು ಅವರು ಎಂದೂ ಬಳಸುವುದಿಲ್ಲ, ಬೇಕೆಂದೇ ಅಲ್ಲಿಟ್ಟೆವು. ಟಾರ್ಚ್ ಒತ್ತಲು ಹೋಗಿ ಬೆರಳು ತಪ್ಪಿ ಪಕ್ಕದ್ದಕ್ಕೆ ತಾಗಿದರೂ ಅದರಿಂದ ಏನೂ ಕೆಡುವುದಿಲ್ಲ.

ಟಾರ್ಚಿನ ಪಕ್ಕದಲ್ಲಿ ಎಂದಿಗೂ ಇರಬಾರದವು ಮೂರು: Airplane mode, Do Not Disturb ಮತ್ತು Data Saver. ಇವು ಆನ್ ಆದದ್ದು ಆ ಕ್ಷಣಕ್ಕೆ ಗಮನಕ್ಕೆ ಬರುವುದಿಲ್ಲ, ಪರಿಣಾಮ ಗಂಟೆಗಳ ನಂತರ ಕಾಣಿಸುತ್ತದೆ. ಒಂದು ರಾತ್ರಿ ಅಣ್ಣನ ಫೋನಿನಲ್ಲಿ ಹೀಗೆಯೇ Do Not Disturb ಆನ್ ಆಗಿ, ಗೇಟಿನ ಹೊರಗೆ ನಿಂತ ಲಾರಿಯ ಚಾಲಕ ಆರು ಸಲ ಕರೆದರೂ ಗಂಟೆ ಕೇಳಲಿಲ್ಲ. ಕರೆಗಳು ಮಿಸ್ಡ್ ಕಾಲ್ ಪಟ್ಟಿಯಲ್ಲಿದ್ದು ಗಂಟೆ ಮಾತ್ರ ಕೇಳದಿದ್ದರೆ ಈ ಟೈಲನ್ನೇ ಮೊದಲು ಅನುಮಾನಿಸಿ. ಕರೆ ಮಾಡಿದವರಿಗೆ ಸ್ವಿಚ್ ಆಫ್ ಎಂದು ಕೇಳಿಸಿದ್ದರೆ ವಿಮಾನದ ಚಿಹ್ನೆ ಮೇಲಿದೆಯೇ ನೋಡಿ. ಮೆಸೇಜ್‌ಗಳು ಆ್ಯಪ್ ತೆರೆದಾಗಲೇ ಗೊಂಚಲಾಗಿ ಬೀಳುತ್ತಿದ್ದರೆ Data Saver ಕಾರಣವಿರಬಹುದು. ಈ ಮೂರನ್ನೂ ಎರಡನೇ ಪುಟಕ್ಕೆ ಕಳುಹಿಸಿ.

ಬಲಗೈಯಲ್ಲಿ ಹಿಡಿಯುವವರು ಎಡ-ಬಲಗಳನ್ನು ಅದಲುಬದಲು ಮಾಡಿಕೊಂಡರೆ ಸಾಕು, ಟಾರ್ಚ್ ಎಂಟನೇ ಸ್ಥಾನಕ್ಕೆ ಬರುತ್ತದೆ. ಜೋಡಣೆ ಪೂರ್ತಿ ಕೆಟ್ಟುಹೋದರೆ ಬದಲಾವಣೆಯ ಪುಟದಲ್ಲಿರುವ Reset ಮೊದಲ ಸ್ಥಿತಿಗೆ ತರುತ್ತದೆ. ನಿಮ್ಮ ಹಳೆಯ ಜೋಡಣೆಗೆ ಅದು ಮರಳಿಸುವುದಿಲ್ಲ, ಕಂಪನಿ ಕೊಟ್ಟಿದ್ದ ಜೋಡಣೆಗೆ ಮರಳಿಸುತ್ತದೆ. ಆರಂಭದಲ್ಲಿ ತೆಗೆದ ಸ್ಕ್ರೀನ್‌ಶಾಟ್ ಆಗ ಕೆಲಸಕ್ಕೆ ಬರುತ್ತದೆ.

ಸ್ಯಾಮ್‌ಸಂಗ್‌ನ ಒನ್ ಯುಐ 7 ಎಂಬ ಸಾಫ್ಟ್‌ವೇರ್ ಆವೃತ್ತಿ ಬಂದಿರುವ ಫೋನುಗಳಲ್ಲಿ ನೋಟಿಫಿಕೇಷನ್ ಮತ್ತು ಟೈಲ್‌ಗಳು ಬೇರೆಬೇರೆಯಾಗಿ ತೆರೆಯುತ್ತವೆ. ಟೈಲ್‌ಗಳಿಗಾಗಿ ಬಲಮೇಲ್ಮೂಲೆಯಿಂದ ಎಳೆಯಬೇಕಾದ್ದರಿಂದ ಎಡಗೈಯವರಿಗೆ ಇದು ಅತ್ಯಂತ ದೂರದ ಜಾಗ. ಪೆನ್ಸಿಲ್ ಒತ್ತಿ, ಪ್ಯಾನಲ್ ಸೆಟ್ಟಿಂಗ್‌ನಲ್ಲಿ Together ಆರಿಸಿದರೆ ಹಳೆಯ ಕ್ರಮ ಮರಳುತ್ತದೆ.

ಹಂತ 6: ಕೀಬೋರ್ಡ್ ಮತ್ತು ಹೋಮ್ ಪರದೆ

ಗೂಗಲ್‌ನ ಜಿಬೋರ್ಡ್ ಕೀಬೋರ್ಡ್ ಬಳಸುವವರು ಅಲ್ಪವಿರಾಮದ ಕೀಲಿಯನ್ನು ಒತ್ತಿ ಹಿಡಿದು, ಮೂಡುವ ಚಿಹ್ನೆಗಳಲ್ಲಿ ಒಂದು ಕೈಯ ಚಿಹ್ನೆಗೆ ಬೆರಳನ್ನು ಜಾರಿಸಿದರೆ ಕೀಬೋರ್ಡ್ ಒಂದು ಬದಿಗೆ ಸರಿಯುತ್ತದೆ. ಬದಿ ಬದಲಿಸಲು ಖಾಲಿ ಜಾಗದಲ್ಲಿರುವ ಬಾಣವನ್ನು ಒತ್ತಬೇಕು. ಕನ್ನಡ ಅಕ್ಷರಗಳ ಕೀಬೋರ್ಡಿನಲ್ಲಿ ಕೀಲಿಗಳು ಹೆಚ್ಚು, ಅಗಲ ಕಡಿಮೆಯಾದಾಗ ಅವು ಕಿರಿದಾಗಿ ತಪ್ಪು ಹೆಚ್ಚುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿ ಕನ್ನಡ ಪಡೆಯುವ ವಿನ್ಯಾಸ ಈ ಬಳಕೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ.

ಹೋಮ್ ಪರದೆಯಲ್ಲಿ ದಿನದ ಆ್ಯಪ್‌ಗಳನ್ನು ಕೆಳಗಿನ ಸ್ಥಿರ ಸಾಲಿನಲ್ಲಿ ಮತ್ತು ಅದರ ಮೇಲಿನ ಎರಡು ಸಾಲುಗಳಲ್ಲಿ ಇಡಿ. ಗಡಿಯಾರ, ಹವಾಮಾನ ಮುಂತಾದ ಬರೀ ನೋಡುವಂಥವು ಮೇಲಿನ ಅರ್ಧಕ್ಕೆ ಹೋಗಲಿ. ಇದಕ್ಕಾಗಿ ಬೇರೆ ಲಾಂಚರ್, ಅಂದರೆ ಹೋಮ್ ಪರದೆಯನ್ನೇ ಬದಲಿಸುವ ಆ್ಯಪ್, ಹಾಕಿಕೊಳ್ಳಬೇಡಿ. ಕೆಲವು ಕಂಪನಿಗಳ ಫೋನುಗಳಲ್ಲಿ ಹೊರಗಿನ ಲಾಂಚರ್ ಹಾಕಿದೊಡನೆ ಗೆಸ್ಚರ್ ನಿಂತು ಬಟನ್‌ಗಳು ಮರಳುತ್ತವೆ, ಅಲ್ಲಿಗೆ ಮೂರನೇ ಹಂತದಿಂದ ಮತ್ತೆ ಶುರುಮಾಡಬೇಕಾಗುತ್ತದೆ.

ಸಿಸ್ಟಮ್ ಅಪ್‌ಡೇಟ್ ಬಂದ ಮೇಲೆ

ದೊಡ್ಡ ಅಪ್‌ಡೇಟ್‌ನ ನಂತರ ಟೈಲ್‌ಗಳ ಗಾತ್ರ ಮತ್ತು ಸಾಲುಗಳ ಸಂಖ್ಯೆ ಬದಲಾಗಿರಬಹುದು, ಆಗ ಏಳನೇ ಸ್ಥಾನ ಹಿಂದೆ ಇದ್ದ ಕಡೆ ಇರುವುದಿಲ್ಲ. ಮೊದಲು Navigation mode ಪುಟ, ಆಮೇಲೆ One-handed mode, ಕೊನೆಗೆ ಟೈಲ್‌ಗಳು ಎಂಬ ಅದೇ ಕ್ರಮದಲ್ಲಿ ಒಮ್ಮೆ ಕಣ್ಣಾಡಿಸಿ. ಯಾವುದಾದರೂ ಆ್ಯಪ್ ಕೊಟ್ಟ ಟೈಲ್ ಕಾಣೆಯಾಗಿದ್ದರೆ ಆ ಆ್ಯಪ್ ಫೋನಿನಲ್ಲಿ ಇನ್ನೂ ಇದೆಯೇ ನೋಡಿ. ಆ್ಯಪ್ ತೆಗೆದರೆ ಅದರ ಟೈಲ್ ಕೂಡ ಹೋಗುತ್ತದೆ, ಮತ್ತೆ ಹಾಕಿಕೊಂಡ ಮೇಲೆ ಪೆನ್ಸಿಲ್ ಪುಟದಿಂದ ಅದನ್ನು ನೀವೇ ಎಳೆದು ಕೂರಿಸಬೇಕು.